ಏಣಿಗೆ ಕೆಳಗಿನ ಮೆಟ್ಟಿಲು ಯಾಕೆ ಇರಲೇಬೇಕು? ಹಾರ್ಮೋನಿಕ್ ಆಸಿಲೇಟರ್ ಮತ್ತು ಲ್ಯಾಡರ್ ಆಪರೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದ ಕಡೆ ಎಂಎಸ್ಸಿ ಪ್ರವೇಶ ಪರೀಕ್ಷೆಗೆ ಓದುವ ಹುಡುಗರು ಗದಗ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ಬಂದು ರೂಮು ಮಾಡಿಕೊಂಡಿರುತ್ತಾರೆ. ಕ್ವಾಂಟಮ್ ಮೆಕ್ಯಾನಿಕ್ಸ್ ಪಾಠದಲ್ಲಿ ಲ್ಯಾಡರ್ ಆಪರೇಟರ್ ಬಂದ ವಾರ ಅವರ ಪ್ರಶ್ನೆಗಳು ಪ್ರತಿ ವರ್ಷ ಹೆಚ್ಚುಕಡಿಮೆ ಅವೇ. ಲೆಕ್ಕ ಎಲ್ಲರಿಗೂ ಬರುತ್ತದೆ, ಬಾಯಿಪಾಠವೂ ಆಗಿರುತ್ತದೆ. ಅಡ್ಡಿಯಾಗುವುದು ಒಂದೇ ಜಾಗ: n ಪೂರ್ಣಾಂಕವೇ ಯಾಕೆ ಆಗಬೇಕು ಎನ್ನುವಲ್ಲಿ. ಹಾಗಾಗಿ ಇಲ್ಲಿ ಆ ಜಾಗಕ್ಕೇ ಹೆಚ್ಚು ಹೊತ್ತು ಕೊಟ್ಟಿದ್ದೇನೆ.

ಸರ, ಡಿಫರೆನ್ಷಿಯಲ್ ಸಮೀಕರಣ ಬಿಡಿಸೂದ ಇಲ್ಲ ಅಂದ್ರ ಎನರ್ಜಿ ಎಲ್ಲಿಂದ ಬರ್ತದ್ರೀ?

ಎರಡು ಮಾತಿನಿಂದ ಬರುತ್ತದೆ. ಮೊದಲನೆಯದು x ಮತ್ತು p ಗಳನ್ನು ಯಾವ ಕ್ರಮದಲ್ಲಿ ಗುಣಿಸುತ್ತೇವೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ ಎಂಬುದು, ಅಂದರೆ xp − px = iħ. ಎರಡನೆಯದು ಯಾವ ಸ್ಥಿತಿಯ ನಾರ್ಮ್ ಕೂಡ ಋಣವಾಗಲು ಸಾಧ್ಯವಿಲ್ಲ ಎಂಬುದು. |ψ|² ಅನ್ನು ಎಲ್ಲ ಕಡೆ ಕೂಡಿಸಿದರೆ ಬರುವುದು ಸೊನ್ನೆ ಅಥವಾ ಧನ ಸಂಖ್ಯೆ, ಮೈನಸ್ ಎಂದೂ ಅಲ್ಲ.

ಮೊದಲ ಮಾತು ಏಣಿಯ ಮೆಟ್ಟಿಲುಗಳ ಅಂತರ ಹೇಳುತ್ತದೆ. ಎರಡನೆಯದು ಏಣಿ ಎಲ್ಲಿ ನೆಲಕ್ಕೆ ಊರಿದೆ ಎಂದು ಹೇಳುತ್ತದೆ. ಪರೀಕ್ಷೆಯ ಉತ್ತರಗಳಲ್ಲಿ ಮೊದಲನೆಯದನ್ನು ಎರಡು ಪುಟ ಬರೆದು, ಎರಡನೆಯದನ್ನು ಅರ್ಧ ಸಾಲಿನಲ್ಲಿ ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಅಂಕ ಕೊಡಬೇಕಾದದ್ದು ಆ ಅರ್ಧ ಸಾಲಿಗೆ.

ಕೆಲವರು ħ, m, ω ಎಲ್ಲ ತೆಗೆದುಬಿಡುತ್ತಾರೆ. ಹಾಗೆ ಮಾಡಬಹುದೇ?

ಮಾಡಬಹುದು, ಅವು ಎಲ್ಲಿಗೂ ಹೋಗುವುದಿಲ್ಲ. ಉದ್ದವನ್ನು √(ħ/mω) ಎಂಬ ಅಳತೆಯಲ್ಲಿ, ಮೊಮೆಂಟಮ್ಮನ್ನು √(mħω) ಅಳತೆಯಲ್ಲಿ, ಎನರ್ಜಿಯನ್ನು ħω ಅಳತೆಯಲ್ಲಿ ಅಳೆದರೆ ಹ್ಯಾಮಿಲ್ಟೋನಿಯನ್ ಇಷ್ಟೇ ಉಳಿಯುತ್ತದೆ:

H = ½(p² + x²),  xp − px = i

ಕೊನೆಗೆ ಬಂದ ಎನರ್ಜಿಯನ್ನು ħω ದಿಂದ ಗುಣಿಸಿದರೆ ಮುಗಿಯಿತು. ಇಲ್ಲಿ ಮುಂದೆಲ್ಲ ಇದೇ ಅಳತೆ.

a ಎಂಬ ಆಪರೇಟರ್ ಯಾರಿಗಾದರೂ ಹೊಳೆದದ್ದು ಹೇಗೆ? ಆಕಾಶದಿಂದ ಬಿದ್ದ ಹಾಗಿದೆ.

ಹೈಸ್ಕೂಲಿನ ಅಪವರ್ತನವೇ. x ಮತ್ತು p ಸಾಮಾನ್ಯ ಸಂಖ್ಯೆಗಳಾಗಿದ್ದರೆ x² + p² ಅನ್ನು (x − ip)(x + ip) ಎಂದು ಒಡೆಯುತ್ತಿದ್ದೆವು. ಅದನ್ನೇ ಇಲ್ಲಿ ಮಾಡಿ ನೋಡಿ, ಆದರೆ ಗುಣಿಸುವಾಗ ಕ್ರಮ ಕಾಯ್ದುಕೊಳ್ಳಿ:

(x − ip)(x + ip) = x² + p² + i(xp − px) = x² + p² − 1

ಆ −1 ಸಾಮಾನ್ಯ ಸಂಖ್ಯೆಗಳಲ್ಲಿ ಬರುತ್ತಿರಲಿಲ್ಲ. ಈಗ a = (x + ip)/√2, a† = (x − ip)/√2 ಎಂದು ಹೆಸರಿಟ್ಟರೆ a†a = H − ½. ಕ್ರಮ ತಿರುಗಿಸಿದರೆ aa† = H + ½. ಒಂದರಿಂದ ಇನ್ನೊಂದನ್ನು ಕಳೆದರೆ aa† − a†a = 1. a†a ಗೆ N ಎಂದು ಹೆಸರು. ಆಗ H = N + ½. ಶೂನ್ಯ ಬಿಂದು ಎನರ್ಜಿ ಎಂದು ಮುಂದೆ ದೊಡ್ಡ ಹೆಸರು ಪಡೆಯುವ ½ ಹುಟ್ಟಿದ್ದು ಈ ಸಾಲಿನಲ್ಲಿ, ಬೇರೆಲ್ಲೂ ಅಲ್ಲ.

a ಹರ್ಮಿಷಿಯನ್ ಅಲ್ಲ, ಆದ್ದರಿಂದ ಅದು ಅಳೆಯುವ ವಸ್ತುವಲ್ಲ. ಅದು ಲೆಕ್ಕದ ಸಾಧನ. N ಮಾತ್ರ ಹರ್ಮಿಷಿಯನ್.

a ಹಚ್ಚಿದರೆ ಎನರ್ಜಿ ಒಂದು ಮೆಟ್ಟಿಲು ಇಳಿಯುತ್ತದೆ ಅಂತಾರೆ. ಆ ಎನರ್ಜಿ ಎಲ್ಲಿ ಹೋಯಿತು?

ಎಲ್ಲಿಯೂ ಹೋಗಿಲ್ಲ, ಯಾಕೆಂದರೆ ಪ್ರಯೋಗಶಾಲೆಯಲ್ಲಿ ಏನೂ ನಡೆದಿಲ್ಲ. ನಮ್ಮ ಕೈಯಲ್ಲಿ ಒಂದು ಐಗನ್ ಸ್ಥಿತಿ ಇತ್ತು, ಅದರಿಂದ ಇನ್ನೊಂದು ಐಗನ್ ಸ್ಥಿತಿಯನ್ನು ಕಾಗದದ ಮೇಲೆ ಕಟ್ಟಿದೆವು. ಮೊದಲನೆಯ ಆಸಿಲೇಟರ್ ಅಲ್ಲೇ ಇದೆ.

ಕಟ್ಟಿದ್ದು ಹೀಗೆ. φ ಗೆ N ನ ಐಗನ್ ವ್ಯಾಲ್ಯೂ ν ಇರಲಿ, ಅಂದರೆ Nφ = νφ. ಸದ್ಯಕ್ಕೆ ν ಯಾವ ಸಂಖ್ಯೆ ಬೇಕಾದರೂ ಆಗಿರಬಹುದು, ಅದು ಪೂರ್ಣಾಂಕ ಎಂದು ನಾವಿನ್ನೂ ಹೇಳಿಲ್ಲ. ಈಗ aφ ಮೇಲೆ N ಹಚ್ಚಿ:

N(aφ) = a†a aφ = (aa† − 1)aφ = a(N − 1)φ = (ν − 1) aφ

aφ ಎಂಬುದು ಸೊನ್ನೆಯಲ್ಲದಿದ್ದರೆ ಅದೂ ಐಗನ್ ಸ್ಥಿತಿ, ಅದರ ಐಗನ್ ವ್ಯಾಲ್ಯೂ ν − 1. ಇದೇ ರೀತಿ a†φ ಗೆ ν + 1. «ಸೊನ್ನೆಯಲ್ಲದಿದ್ದರೆ» ಎಂಬ ಷರತ್ತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದಿನ ಪ್ರಶ್ನೆ ಪೂರಾ ಅದರ ಮೇಲೇ ನಿಂತಿದೆ.

ಇಳೀತಾ ಹೋದ್ರ ಎಲ್ಲರೆ ನಿಲ್ಲಬೇಕು ಅನ್ನೂದು ತಿಳೀತು. ಆದ್ರ 0 ಕ್ಕನ ಯಾಕ ನಿಲ್ಲಬೇಕ್ರೀ? 0.5 ಕ್ಕ ಯಾಕ ನಿಲ್ಲಬಾರದು?

ಈ ಪ್ರಶ್ನೆ ಕೇಳಿದವರಿಗೆ ವಿಷಯ ಅರ್ಧ ತಿಳಿದಿದೆ ಎಂದೇ ಲೆಕ್ಕ. «ಎನರ್ಜಿ ಋಣ ಆಗಬಾರದು, ಆದ್ದರಿಂದ ಏಣಿ ನಿಲ್ಲಬೇಕು, ಆದ್ದರಿಂದ E = n + ½» ಎಂದು ಬರೆಯುವವರು ಒಂದು ಹೆಜ್ಜೆ ನುಂಗಿರುತ್ತಾರೆ. ನಿಲ್ಲಬೇಕು ಎನ್ನುವುದರಿಂದ ಪೂರ್ಣಾಂಕ ಹುಟ್ಟುವುದಿಲ್ಲ. ಏಣಿ ಹೇಗೆ ನಿಲ್ಲಬಲ್ಲದು ಎನ್ನುವುದರಿಂದ ಹುಟ್ಟುತ್ತದೆ.

aφ ನ ನಾರ್ಮ್ ಲೆಕ್ಕ ಹಾಕೋಣ:

‖aφ‖² = ⟨φ|a†a|φ⟩ = ν ‖φ‖²

φ ನ ನಾರ್ಮ್ 1 ಇದ್ದರೆ aφ ನ ನಾರ್ಮಿನ ವರ್ಗ ಸರಿಯಾಗಿ ν. ಎಡಗಡೆಯದು ಋಣ ಆಗಲಾರದು, ಆದ್ದರಿಂದ ν ಕೂಡ ಋಣ ಆಗಲಾರದು. ಇನ್ನೊಮ್ಮೆ a ಹಚ್ಚಿದರೆ ನಾರ್ಮಿನ ವರ್ಗ ν(ν − 1), ಮತ್ತೊಮ್ಮೆ ಹಚ್ಚಿದರೆ ν(ν − 1)(ν − 2). ಪ್ರತಿ ಸಲವೂ ಆಗಿನ ಐಗನ್ ವ್ಯಾಲ್ಯೂ ಬಂದು ಗುಣಿಸಿಕೊಳ್ಳುತ್ತದೆ.

ಈಗ ಯಾರೋ ನನ್ನ ಹತ್ತಿರ ν = 2.5 ಇರುವ ಸ್ಥಿತಿ ಇದೆ ಎಂದರು ಅನ್ನಿ. ಅವರ ಮಾತನ್ನೇ ನಂಬಿ ಇಳಿಯುತ್ತಾ ಹೋಗೋಣ. ಮೊದಲ ಸಲ a ಹಚ್ಚಿದಾಗ ನಾರ್ಮಿನ ವರ್ಗ 2.5, ಐಗನ್ ವ್ಯಾಲ್ಯೂ 1.5. ಎರಡನೆಯ ಸಲ 2.5 × 1.5 = 3.75, ಐಗನ್ ವ್ಯಾಲ್ಯೂ 0.5. ಮೂರನೆಯ ಸಲ 3.75 × 0.5 = 1.875. ಇದು ಸೊನ್ನೆಯಲ್ಲ, ಅಂದರೆ ಸ್ಥಿತಿ ನಿಜವಾಗಿಯೂ ಇದೆ, ಅದರ ಐಗನ್ ವ್ಯಾಲ್ಯೂ −0.5. ಇಲ್ಲೇ ಕೆಟ್ಟಿತು, ಯಾಕೆಂದರೆ ν ಋಣ ಆಗುವಂತಿಲ್ಲ. ನಾಲ್ಕನೆಯ ಸಲ ಹಚ್ಚಿದರೆ ನಾರ್ಮಿನ ವರ್ಗ −0.9375 ಎಂದು ಬರುತ್ತದೆ. ಹಾಗಾಗಿ ಮೊದಲು ಹೇಳಿದ್ದೇ ಸುಳ್ಳು: ν = 2.5 ಇರುವ ಸ್ಥಿತಿ ಇಲ್ಲ.

ಇದೇ ಪರೀಕ್ಷೆಯನ್ನು ν = 3 ಕ್ಕೆ ಒಡ್ಡಿ. ಮೊದಲ ಸಲ 3, ಎರಡನೆಯ ಸಲ 3 × 2 = 6, ಮೂರನೆಯ ಸಲ 6 × 1 = 6, ಐಗನ್ ವ್ಯಾಲ್ಯೂ ಈಗ 0. ನಾಲ್ಕನೆಯ ಸಲ 6 × 0 = 0. ನಾರ್ಮ್ ಸೊನ್ನೆಯಾದರೆ ಆ ವೆಕ್ಟರೇ ಸೊನ್ನೆ. ಅದು ಸ್ಥಿತಿಯೇ ಅಲ್ಲದ ಕಾರಣ «ಸೊನ್ನೆಯಲ್ಲದಿದ್ದರೆ» ಎಂಬ ಷರತ್ತು ತಪ್ಪಿತು, −1 ಕ್ಕೆ ಇಳಿಯುವ ದಾರಿ ಅಲ್ಲಿಗೆ ಮುಚ್ಚಿತು. ಯಾವ ವಿರೋಧವೂ ಬರಲಿಲ್ಲ.

ವ್ಯತ್ಯಾಸ ಇಷ್ಟೇ. 1, 1, 1 ಎಂದು ಕಳೆಯುತ್ತಾ ಹೋಗುವಾಗ ಸರಿಯಾಗಿ ಸೊನ್ನೆಯ ಮೇಲೆ ಕಾಲಿಟ್ಟರೆ ಮಾತ್ರ ಮುಂದಿನ ಗುಣಕ ಸೊನ್ನೆಯಾಗಿ ಇಳಿತ ತಾನಾಗಿಯೇ ನಿಲ್ಲುತ್ತದೆ. ಸೊನ್ನೆಯನ್ನು ದಾಟಿ ಜಿಗಿದರೆ ನಿಲ್ಲಿಸುವವರು ಯಾರೂ ಇಲ್ಲ. 0.5 ರಲ್ಲಿ ನಿಲ್ಲಿಸೋಣವೆಂದು ನಾವು ತೀರ್ಮಾನಿಸಿದರೆ ಆಗುವುದಿಲ್ಲ, ಅಲ್ಲಿ a ಹಚ್ಚಿದರೆ ನಾರ್ಮಿನ ವರ್ಗ 0.5 ರಷ್ಟು ಇರುವ ವೆಕ್ಟರ್ ಬಂದೇ ಬರುತ್ತದೆ. ಸೊನ್ನೆಯ ಮೇಲೆ ಸರಿಯಾಗಿ ಕಾಲಿಡುವ ಸಂಖ್ಯೆಗಳು 0, 1, 2, 3… ಮಾತ್ರ. ಆದ್ದರಿಂದ

E = (n + ½) ħω,  n = 0, 1, 2, …

a|0⟩ = 0 ಅಂದರೆ a|0⟩ = |0⟩ ಅಂತಲೇ ಅಲ್ಲವೇ?

ಅಲ್ಲ. |0⟩ ಎಂಬುದು ನಾರ್ಮ್ 1 ಇರುವ, ½ħω ಎನರ್ಜಿ ಇರುವ ಒಂದು ಸ್ಥಿತಿ. ಒಳಗಿನ 0 ಅದರ ಹೆಸರು. ಬಲಗಡೆಯ 0 ಸೊನ್ನೆ ವೆಕ್ಟರ್, ಅದನ್ನು ವೇವ್ ಫಂಕ್ಷನ್ ಆಗಿ ಬರೆದರೆ ಎಲ್ಲ ಕಡೆ ಸೊನ್ನೆ, ಅಂದರೆ ಕಣವೇ ಇಲ್ಲ. ಆಯ್ಕೆ ಪ್ರಶ್ನೆಗಳಲ್ಲಿ ಇವೆರಡನ್ನೂ ಅಕ್ಕಪಕ್ಕ ಇಟ್ಟಿರುತ್ತಾರೆ.

ಕೆಳಗಿನ ಸ್ಥಿತಿ ಇದೆ ಅಂತ ಗ್ಯಾರಂಟಿ ಏನು? ಪ್ರತಿ ಮೆಟ್ಟಿಲಿನ ಮೇಲೆ ಒಂದೇ ಸ್ಥಿತಿ ಅನ್ನುವುದಾದರೂ ಹೇಗೆ?

ಮೇಲಿನ ವಾದ ಹೇಳಿದ್ದು, ಐಗನ್ ಸ್ಥಿತಿ ಇದ್ದರೆ ಅದರ ν ಪೂರ್ಣಾಂಕ ಎಂದು. ಇದೆ ಎಂದು ಹೇಳಿಲ್ಲ. ಇದೆ ಎಂದು ತೋರಿಸಲು aψ = 0 ಎಂಬುದನ್ನು x ನಲ್ಲಿ ಬರೆಯಬೇಕು. p = −i d/dx ಇಟ್ಟರೆ

ψ′ + xψ = 0

ಇದಕ್ಕೆ ಉತ್ತರ ψ = C e^(−x²/2). ಬಿಟ್ಟರೆ ಬೇರೆ ಉತ್ತರವಿಲ್ಲ, C ಒಂದೇ ಕೈಯಲ್ಲಿ ಉಳಿಯುವುದು. ಅದರ ವರ್ಗವನ್ನು ಕೂಡಿಸಿದರೆ ಮೊತ್ತ ಸೀಮಿತವಾಗಿದೆ, ಆದ್ದರಿಂದ ಸ್ಥಿತಿ ಇದೆ ಮತ್ತು ಒಂದೇ ಇದೆ.

ಇಲ್ಲಿ ಹಿಂದಿನ ಬೆಂಚಿನಿಂದ ಯಾರಾದರೂ «ಮತ್ತ ಡಿಫರೆನ್ಷಿಯಲ್ ಸಮೀಕರಣ ಬಿಡಿಸಿದ್ರಲ್ಲ ಸರ» ಎನ್ನುತ್ತಾರೆ. ಹೌದು, ಬಿಡಿಸಿದೆವು. ಆದರೆ ಇದು ಮೊದಲ ದರ್ಜೆಯದು, ಒಂದು ಸಾಲಿನದು, ಪಿಯುಸಿ ಹುಡುಗನೂ ಮಾಡಬಲ್ಲ. ಬಿಡಿಸದೆ ಬಿಟ್ಟದ್ದು ಎರಡನೆಯ ದರ್ಜೆಯ ಶ್ರೋಡಿಂಗರ್ ಸಮೀಕರಣ, ಘಾತ ಶ್ರೇಣಿ, ಆ ಶ್ರೇಣಿ ಎಲ್ಲಿ ಮುರಿಯಬೇಕು ಎಂಬ ಚರ್ಚೆ, ಹರ್ಮೈಟ್ ಪಾಲಿನೋಮಿಯಲ್ ಇವುಗಳನ್ನು. ಎನರ್ಜಿಯ ಪಟ್ಟಿಗೆ ಅವು ಯಾವುವೂ ಬೇಕಾಗಲಿಲ್ಲ.

ಮೇಲಿನ ಮೆಟ್ಟಿಲುಗಳ ಚಿಂತೆ ಬೇಡ. a†φ ನ ನಾರ್ಮಿನ ವರ್ಗ ν + 1, ಅದು ಎಂದೂ ಸೊನ್ನೆಯಾಗದು, ಆದ್ದರಿಂದ ಹತ್ತುವಾಗ ಏಣಿ ಮುಗಿಯುವುದೇ ಇಲ್ಲ. ಒಂದೊಂದು ಮೆಟ್ಟಿಲಿಗೆ ಒಂದೇ ಸ್ಥಿತಿ ಎನ್ನುವುದೂ ಸುಲಭ: n ನೆಯ ಮೆಟ್ಟಿಲಿನಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳಿದ್ದವು ಅನ್ನಿ. n ಸೊನ್ನೆಯಲ್ಲದವರೆಗೆ a ಅವನ್ನು ಒಂದಾಗಿ ಬೆಸೆಯಲಾರದು, ಯಾಕೆಂದರೆ ಅದರ ಬೆನ್ನಿಗೆ a† ಹಚ್ಚಿದರೆ n ಪಟ್ಟು ಹಳೆಯ ಸ್ಥಿತಿಯೇ ವಾಪಸ್ ಬರುತ್ತದೆ. ಹಾಗಾಗಿ ಎರಡೂ ಬೇರೆಯಾಗಿಯೇ ಇಳಿಯುತ್ತಾ ಬಂದು ನೆಲದ ಮೆಟ್ಟಿಲಿನಲ್ಲೂ ಎರಡಾಗಿಯೇ ಇರಬೇಕಿತ್ತು. ಅಲ್ಲಿ ಇರುವುದು ಒಂದೇ.

ಕಮ್ಯುಟೇಟರ್ ಒಂದರಿಂದಲೇ ಈ «ಒಂದೇ» ಬರುವುದಿಲ್ಲ ಎನ್ನುವುದನ್ನು ಗಮನಿಸಿ. ಇದೇ ಪೊಟೆನ್ಷಿಯಲ್‌ನಲ್ಲಿ ಸ್ಪಿನ್ ½ ಇರುವ ಕಣವನ್ನು ಇಟ್ಟರೆ aa† − a†a = 1 ಹಾಗೇ ಇರುತ್ತದೆ, ಆದರೆ ಪ್ರತಿ ಮೆಟ್ಟಿಲಿನ ಮೇಲೂ ಎರಡು ಸ್ಥಿತಿ.

ಏಣಿಯನ್ನು ಮೇಲಿನಿಂದ ಮುಗಿಸಿ ನೋಡಿದರೆ? a†ψ = 0 ಅಂತ ಇಟ್ಟರೆ ಏನಾಗುತ್ತದೆ?

ಒಳ್ಳೆಯ ಕಿಡಿಗೇಡಿತನ, ಮಾಡಿ ನೋಡಲೇಬೇಕು. a†ψ = 0 ಎಂದರೆ ψ′ = xψ, ಉತ್ತರ ψ = e^(x²/2). ಇದನ್ನು H ಗೆ ಹಾಕಿ: ψ″ = (1 + x²)ψ, ಆದ್ದರಿಂದ

Hψ = −½(1 + x²)ψ + ½x²ψ = −½ψ

ಅಂದರೆ ಎನರ್ಜಿ −½ħω! ಇದರ ಮೇಲೆ a ಹಚ್ಚುತ್ತಾ ಹೋದರೆ −3/2, −5/2 ಎಂದು ಕೆಳಕ್ಕೆ ಮುಗಿಯದ ಇನ್ನೊಂದು ಏಣಿ. ಆಲ್ಜೀಬ್ರಾ ಎಲ್ಲೂ ತಪ್ಪಿಲ್ಲ, ಡಿಫರೆನ್ಷಿಯಲ್ ಸಮೀಕರಣವೂ ಸರಿಯಾಗಿಯೇ ಕೂತಿದೆ.

ಇದನ್ನು ತಳ್ಳಿಹಾಕುವುದು ನಾರ್ಮ್ ಮಾತ್ರ. e^(x²/2) ದೂರ ಹೋದಷ್ಟೂ ಸ್ಫೋಟಿಸುತ್ತದೆ, ಅದರ ವರ್ಗವನ್ನು ಕೂಡಿಸಿದರೆ ಅನಂತ. ಅದಕ್ಕೆ ‖aφ‖² = ν‖φ‖² ಎಂಬ ಸಾಲು ಅನ್ವಯಿಸುವುದೇ ಇಲ್ಲ. ಮೊದಲು ತಳ್ಳಿಹಾಕಿದ ν = 2.5 ಕಥೆಯೂ ಹೀಗೇ: ಆ ಎನರ್ಜಿಗೆ ಶ್ರೋಡಿಂಗರ್ ಸಮೀಕರಣಕ್ಕೆ ಉತ್ತರಗಳು ಇವೆ, ಆದರೆ ಎಡಗಡೆ ಸೊನ್ನೆಗೆ ಇಳಿಯುವಂತೆ ಮಾಡಿದರೆ ಬಲಗಡೆ ಹಾರಿಹೋಗುತ್ತದೆ. ಕಂಪ್ಯೂಟರಿನಲ್ಲಿ E ಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಗ್ರಾಫ್ ಎಳೆದವರಿಗೆ ಈ ಬಾಲ ಗೊತ್ತು: E ಯು n + ½ ಅನ್ನು ದಾಟುವಾಗ ಅದು ಮೇಲಿನಿಂದ ಕೆಳಕ್ಕೆ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ತಿರುಗುತ್ತದೆ.

ಹಾಗಾಗಿ «ಲ್ಯಾಡರ್ ವಿಧಾನದಲ್ಲಿ ಬೌಂಡರಿ ಕಂಡಿಷನ್ ಬೇಕಾಗಿಲ್ಲ» ಎಂದು ಬರೆಯಬೇಡಿ. ಬೇಕು, ಅದು ನಾರ್ಮ್ ಎಂಬ ಪದದೊಳಗೆ ಕೂತಿದೆ.

√n ಎಲ್ಲಿ, √(n+1) ಎಲ್ಲಿ? ಯಾವಾಗಲೂ ಅದಲುಬದಲಾಗುತ್ತದೆ.

ನೆನಪಿಡುವ ಅಗತ್ಯವೇ ಇಲ್ಲ, ಮೇಲೆ ಬಂದ ನಾರ್ಮಿನ ವರ್ಗಗಳ ವರ್ಗಮೂಲ ತೆಗೆದರೆ ಸಾಕು:

a|n⟩ = √n |n−1⟩,  a†|n⟩ = √(n+1) |n+1⟩

ತಪ್ಪಾಗಿದೆಯೇ ಎಂದು ನೋಡಲು n = 0 ಇಡಿ. a|0⟩ ಸೊನ್ನೆಯಾಗಬೇಕು, ಆದ್ದರಿಂದ a ಜೊತೆ √n ಇರಲೇಬೇಕು. ಎರಡರಲ್ಲೂ ಇಬ್ಬರ ಪೈಕಿ ದೊಡ್ಡ ಸಂಖ್ಯೆಯ ವರ್ಗಮೂಲವೇ ಬರುತ್ತದೆ ಎಂಬುದೂ ಒಂದು ಗುರುತು.

ಇವನ್ನು ಬಳಸಿ ⟨x²⟩ ತೆಗೆಯುವುದನ್ನು ಒಮ್ಮೆ ನೋಡಿ. x = (a + a†)/√2, ಆದ್ದರಿಂದ x² = ½(aa + aa† + a†a + a†a†). |n⟩ ನಲ್ಲಿ ಸರಾಸರಿ ತೆಗೆದಾಗ aa ಎರಡು ಮೆಟ್ಟಿಲು ಇಳಿಸುತ್ತದೆ, a†a† ಎರಡು ಏರಿಸುತ್ತದೆ, ಎರಡೂ ಸೊನ್ನೆ. ಉಳಿದದ್ದು ½(n + 1 + n) = n + ½. ಒಂದೂ ಇಂಟೆಗ್ರಲ್ ಮಾಡಲಿಲ್ಲ. ಹರ್ಮೈಟ್ ಪಾಲಿನೋಮಿಯಲ್ ಹಿಡಿದು ಇದನ್ನೇ n = 5 ಕ್ಕೆ ಮಾಡಿ ನೋಡಿದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಪಂಚಮಿ ಜೋಕಾಲಿಗೂ ಇದೇ ಏಣಿ ಇದ್ದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಯಾಕೆ ಜೀಕುವುದಿಲ್ಲ?

ಲೆಕ್ಕ ಹಾಕೋಣ. 5 ಮೀಟರ್ ಹಗ್ಗದ ಜೋಕಾಲಿ, ಅದರಲ್ಲಿ 30 ಕಿಲೋ ತೂಕದ ಹುಡುಗಿ, ಒಂದು ಬದಿಗೆ 1 ಮೀಟರಿನಷ್ಟು ಜೀಕುತ್ತಾಳೆ. ω = √(9.8/5) = 1.4 ರೇಡಿಯನ್ ಪ್ರತಿ ಸೆಕೆಂಡಿಗೆ. ಎನರ್ಜಿ ½mω²A² = ½ × 30 × 1.96 × 1, ಸುಮಾರು 29 ಜೂಲ್. ಒಂದು ಮೆಟ್ಟಿಲು ħω = 1.05 × 10⁻³⁴ × 1.4, ಸುಮಾರು 1.5 × 10⁻³⁴ ಜೂಲ್. ಭಾಗಿಸಿದರೆ n ಸುಮಾರು 2 × 10³⁵. ಒಂದು ಮೆಟ್ಟಿಲು ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗದು. ಅಷ್ಟೇ ಅಲ್ಲ, ಜೀಕುವ ಜೋಕಾಲಿ ಯಾವುದೋ ಒಂದು |n⟩ ನಲ್ಲಿ ಇರುವುದೇ ಇಲ್ಲ. ಒಂದೇ |n⟩ ನಲ್ಲಿ ⟨x⟩ ಯಾವಾಗಲೂ ಸೊನ್ನೆ, ಯಾಕೆಂದರೆ x ನಲ್ಲಿ a ಮತ್ತು a† ಒಂದೊಂದೇ ಇವೆ. ಅತ್ತಿತ್ತ ಆಡಬೇಕಾದರೆ ಅಕ್ಕಪಕ್ಕದ ಮೆಟ್ಟಿಲುಗಳು ಬೆರೆತಿರಬೇಕು.

ಹಾಗಾದರೆ ಈ ಮೆಟ್ಟಿಲುಗಳು ಎಲ್ಲಾದರೂ ಕಣ್ಣಿಗೆ ಕಾಣುತ್ತವೆಯೇ?

ಅಣುಗಳ ಕಂಪನದಲ್ಲಿ ಕಾಣುತ್ತವೆ. ಹೈಡ್ರೋಜನ್ ಕ್ಲೋರೈಡ್ ತೆಗೆದುಕೊಳ್ಳಿ. ಹಗುರ ಹೈಡ್ರೋಜನ್, ಭಾರದ ಕ್ಲೋರಿನ್, ನಡುವೆ ಸ್ಪ್ರಿಂಗಿನಂಥ ಬಂಧ. ಇನ್ಫ್ರಾರೆಡ್ ಸ್ಪೆಕ್ಟ್ರಮ್ಮಿನಲ್ಲಿ ಇದರ ಮುಖ್ಯ ಕಂಪನ 2886 cm⁻¹ ಸುಮಾರಿಗೆ ಇದೆ. ಎಲೆಕ್ಟ್ರಾನ್ ವೋಲ್ಟಿನಲ್ಲಿ ಅದು 0.358. ಕೋಣೆಯ ಉಷ್ಣತೆಯಲ್ಲಿ kT ಸುಮಾರು 0.026 ಮಾತ್ರ. ಮೆಟ್ಟಿಲು ಉಷ್ಣದ ಎನರ್ಜಿಗಿಂತ ಹದಿಮೂರು ಪಟ್ಟಿಗೂ ದೊಡ್ಡದು, ಹಾಗಾಗಿ ಹೆಚ್ಚೂ ಕಡಿಮೆ ಎಲ್ಲ ಅಣುಗಳೂ ನೆಲದ ಮೆಟ್ಟಿಲಿನಲ್ಲೇ ಕೂತಿರುತ್ತವೆ.

ಬೆಳಕು ಅಣುವನ್ನು ಹಿಡಿಯುವುದು ಅದರ ಡೈಪೋಲ್ ಮೂಲಕ, ಅದು ಸ್ಥೂಲವಾಗಿ x ಗೆ ಅನುಪಾತದಲ್ಲಿ ಬದಲಾಗುತ್ತದೆ. x ಅಂದರೆ a + a†. ಆದ್ದರಿಂದ ಒಂದು ಸಲಕ್ಕೆ ಒಂದೇ ಮೆಟ್ಟಿಲು. ಪಕ್ಕಾ ಹಾರ್ಮೋನಿಕ್ ಆಗಿದ್ದರೆ 0 ಯಿಂದ 2 ಕ್ಕೆ ಜಿಗಿತ ಕಾಣಲೇಬಾರದಿತ್ತು. ಮಂಕಾಗಿ ಕಾಣುತ್ತದೆ, 5668 cm⁻¹ ಸುಮಾರಿಗೆ. 0 ಯಿಂದ 3 ಕ್ಕೆ ಇನ್ನೂ ಮಂಕಾಗಿ 8347 ರ ಹತ್ತಿರ.

ಈ ಮೂರು ಸಂಖ್ಯೆಗಳ ವ್ಯತ್ಯಾಸ ತೆಗೆದರೆ ಮೆಟ್ಟಿಲುಗಳ ಎತ್ತರವೇ ಸಿಗುತ್ತದೆ: 2886, ಆಮೇಲೆ 2782, ಆಮೇಲೆ 2679. ಸಮ ಅಂತರವಿಲ್ಲ, ಪ್ರತಿ ಸಲ ನೂರಾ ಮೂರು ನಾಲ್ಕರಷ್ಟು ಕಡಿಮೆಯಾಗುತ್ತಿದೆ. ಕಾರಣ, ನಿಜವಾದ ಬಂಧ ಜಗ್ಗಿದಷ್ಟೂ ಸಡಿಲವಾಗುತ್ತದೆ, ಕೊನೆಗೆ ಹರಿಯುತ್ತದೆ. ಪೊಟೆನ್ಷಿಯಲ್‌ನಲ್ಲಿ x³, x⁴ ಪದಗಳು ಬಂದ ಕೂಡಲೇ H ಮತ್ತು a ಗಳ ಕಮ್ಯುಟೇಟರ್ ಬರೀ a ಆಗಿ ಉಳಿಯುವುದಿಲ್ಲ, ಅದರ ಜೊತೆ ಬೇರೆ ಪದಗಳು ಅಂಟಿಕೊಳ್ಳುತ್ತವೆ. ಆಗ a ಹಚ್ಚಿದರೆ ಐಗನ್ ಸ್ಥಿತಿ ಬರುವುದಿಲ್ಲ, ಏಣಿಯೇ ಇಲ್ಲ. a, a† ಗಳನ್ನು ಆಗಲೂ ಬಳಸುತ್ತೇವೆ, ಆದರೆ ಪರ್ಟರ್ಬೇಷನ್ ಲೆಕ್ಕದ ಮ್ಯಾಟ್ರಿಕ್ಸ್ ಅಂಶಗಳಿಗಾಗಿ ಮಾತ್ರ.

ಆ ½ħω ನಿಜವೇ? ಎನರ್ಜಿಯ ಸೊನ್ನೆಯನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದಲ್ಲ?

ಒಂದೇ ಆಸಿಲೇಟರ್ ಇದ್ದಾಗ ಇಟ್ಟುಕೊಳ್ಳಬಹುದು. ಎರಡನ್ನು ಹೋಲಿಸುವಾಗ ಆಗುವುದಿಲ್ಲ. ಅದೇ ಅಣುವಿನಲ್ಲಿ ಹೈಡ್ರೋಜನ್ ಜಾಗಕ್ಕೆ ಡ್ಯೂಟೀರಿಯಮ್ ಇಡಿ. ಬಂಧ ಅದೇ, ಪೊಟೆನ್ಷಿಯಲ್ ಅದೇ, ತಗ್ಗಿನ ತಳ ಅದೇ. ದ್ರವ್ಯರಾಶಿ ಹೆಚ್ಚಾದ್ದರಿಂದ ಕಂಪನ 2091 cm⁻¹ ಗೆ ಇಳಿಯುತ್ತದೆ. ತಳದಿಂದ ½ħω ಎತ್ತರದಲ್ಲಿ ಕೂತಿರುವ ಅಣು ಈಗ ಸುಮಾರು ½(2886 − 2091), ಅಂದರೆ 400 cm⁻¹ ನಷ್ಟು ಕೆಳಗೆ ಕೂತಿರುತ್ತದೆ. ಅದನ್ನು ಒಡೆಯಲು ಅಷ್ಟು ಹೆಚ್ಚು ಎನರ್ಜಿ ಬೇಕು, ಸುಮಾರು 0.05 ಎಲೆಕ್ಟ್ರಾನ್ ವೋಲ್ಟ್. ½ ಬರೀ ಕಾಗದದ ಮೇಲಿನದಾಗಿದ್ದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ.

ಇದನ್ನು ಮೊದಲು ಮಾಡಿದವರು ಯಾರು?

(n + ½)ħω ಎಂಬ ಉತ್ತರ 1925 ರಲ್ಲಿ ಹೈಸನ್‌ಬರ್ಗ್ ಅವರ ಲೇಖನದಲ್ಲೇ ಬಂದಿತ್ತು, ಶ್ರೋಡಿಂಗರ್ ಸಮೀಕರಣ ಹುಟ್ಟುವ ಮೊದಲು. ಶ್ರೋಡಿಂಗರ್ ಅದನ್ನು ಡಿಫರೆನ್ಷಿಯಲ್ ಸಮೀಕರಣದಿಂದ ತೆಗೆದದ್ದು 1926 ರಲ್ಲಿ. ಇಂದು ನಾವು ಕಲಿಸುವ a, a† ಗಳ ದಾರಿಗೆ ಡಿರಾಕ್ ಹೆಸರು ಅಂಟಿಕೊಂಡಿದೆ. ತಮಾಷೆಯೆಂದರೆ, ಅಪವರ್ತನದ ಈ ಉಪಾಯವನ್ನು ಹೈಡ್ರೋಜನ್ ಪರಮಾಣುವಿನಂಥ ಬೇರೆ ಸಮಸ್ಯೆಗಳಿಗೂ 1940 ರ ಸುಮಾರಿಗೆ ಡಬ್ಲಿನ್‌ನಲ್ಲಿ ಕೂತು ವಿಸ್ತರಿಸಿದವರು ಶ್ರೋಡಿಂಗರ್ ಅವರೇ.

x = 0 ಯಲ್ಲಿ ಗ್ವಾಡಿ ಇಟ್ಟ ಅರ್ಧ ಆಸಿಲೇಟರ್ ಕೊಟ್ರ ಏಣಿ ನಡೀತದೇನ್ರೀ?

ಪ್ರವೇಶ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಲೆಕ್ಕ. x > 0 ಆದಾಗ ಪೊಟೆನ್ಷಿಯಲ್ ½x², x < 0 ಆದಾಗ ಅನಂತ. ಹ್ಯಾಮಿಲ್ಟೋನಿಯನ್ ಬರೆದರೆ ಅದೇ H, ಕಮ್ಯುಟೇಟರ್ ಅದೇ. ಹಾಗಾಗಿ ಎನರ್ಜಿಯೂ ½, 3/2, 5/2 ಎಂದು ಬರೆದು ಬರುವವರು ಇದ್ದಾರೆ. ತಪ್ಪು.

ಗೋಡೆ ಇಟ್ಟ ಮೇಲೆ ಪ್ರತಿ ಸ್ಥಿತಿಯೂ x = 0 ಯಲ್ಲಿ ಸೊನ್ನೆಯಾಗಬೇಕು. φ ಹಾಗಿದೆ ಅನ್ನಿ. aφ ಹಾಗಿದೆಯೇ? aφ = (xφ + φ′)/√2, x = 0 ಯಲ್ಲಿ ಉಳಿಯುವುದು φ′(0)/√2. φ ಮತ್ತು φ′ ಎರಡೂ ಅಲ್ಲಿ ಸೊನ್ನೆಯಾಗಿದ್ದರೆ φ ಎಲ್ಲೆಡೆ ಸೊನ್ನೆಯಾಗಿಬಿಡುತ್ತದೆ, ಆದ್ದರಿಂದ φ′(0) ಸೊನ್ನೆಯಲ್ಲ. ಅಂದರೆ a ಒಮ್ಮೆ ಹಚ್ಚಿದ ಕೂಡಲೇ ಗೋಡೆಯ ನಿಯಮ ಮುರಿಯಿತು. ಅದು ಸಮೀಕರಣಕ್ಕೆ ಹೊಂದುತ್ತದೆ, ಈ ಸಮಸ್ಯೆಗೆ ಹೊಂದುವುದಿಲ್ಲ. a† ಗೂ ಇದೇ ಗತಿ.

ಆದರೆ ಎರಡು ಸಲ ಹಚ್ಚಿದರೆ? φ ಅನ್ನು ಗೋಡೆಯ ಆಚೆಗೆ ಚಿಹ್ನೆ ಬದಲಿಸಿ ಕನ್ನಡಿಯಂತೆ ಚಾಚಿ, φ(−x) = −φ(x). ಈಗ ಅದು ಪೂರ್ಣ ಆಸಿಲೇಟರಿನ ಬೆಸ ಫಂಕ್ಷನ್, ಅದರ ಬೆಲೆಯೂ ಇಳಿಜಾರೂ x = 0 ಯಲ್ಲಿ ಮುರಿಯದೆ ಸೇರುತ್ತವೆ, ನಾರ್ಮಿನ ವರ್ಗ ಎರಡು ಪಟ್ಟಾಯಿತು ಅಷ್ಟೇ. ಹಾಗಾಗಿ ಮೊದಲಿನ ವಾದ ಪೂರಾ ಅನ್ವಯಿಸುತ್ತದೆ, ν ಪೂರ್ಣಾಂಕವೇ ಆಗಬೇಕು. a ಬೆಸವನ್ನು ಸಮ ಮಾಡುತ್ತದೆ, ಇನ್ನೊಂದು a ಅದನ್ನು ಮತ್ತೆ ಬೆಸ ಮಾಡುತ್ತದೆ. a² ಗೋಡೆಯನ್ನು ಗೌರವಿಸುತ್ತದೆ. e^(−x²/2) ಸಮ, ಅದಕ್ಕೆ ಇಲ್ಲಿ ಜಾಗವಿಲ್ಲ. ಮೊದಲ ಬೆಸ ಸ್ಥಿತಿ a† ಹಚ್ಚಿ ಸಿಗುವ x e^(−x²/2), n = 1. ಅದರ ಮೇಲೆ a² ಹಚ್ಚಿದರೆ ಸೊನ್ನೆ, ಅದೇ ಇಲ್ಲಿಯ ನೆಲ. ಅಲ್ಲಿಂದ ಎರಡೆರಡು ಮೆಟ್ಟಿಲು ದಾಟುತ್ತಾ ಎನರ್ಜಿಗಳು 3/2, 7/2, 11/2 ħω ಎಂದು ಹೋಗುತ್ತವೆ. ಉತ್ತರ ಬರೆದಾದ ಮೇಲೆ ಅಂತರ 2ħω ಬಂದಿದೆಯೇ ಎಂದು ಒಮ್ಮೆ ನೋಡಿ. ħω ಬಂದಿದ್ದರೆ ಗೋಡೆಯನ್ನು ಮರೆತಿದ್ದೀರಿ.